ಒಂದು ದಾರ, ಒಂದು ಟೇಪು, ಒಂದು ಸ್ಕ್ರೂಡ್ರೈವರ್

ಹಳೆಯ ಬೈಕು ನೋಡಲು ಬೆಳಗಿನ ಹೊತ್ತೇ ಹೋಗಬೇಕು. ಹಿಂದಿನ ರಾತ್ರಿಯೇ ಮಾರುವವರಿಗೆ ಫೋನು ಮಾಡಿ, ನಾವು ಬರುವ ತನಕ ಸ್ಟಾರ್ಟ್ ಮಾಡಬೇಡಿ ಎಂದು ಹೇಳಿಟ್ಟಿರಬೇಕು. ಹೋದ ಕೂಡಲೇ ಬಣ್ಣ, ಸೀಟು, ಕನ್ನಡಿ ಯಾವುದನ್ನೂ ನೋಡದೆ ಅಂಗೈಯನ್ನು ಸಿಲಿಂಡರಿನ ಫಿನ್ನುಗಳ ಮೇಲೆ ಇಡಬೇಕು. ಕಲ್ಲಿನ ಹಾಗೆ ತಣ್ಣಗಿದ್ದರೆ ಸರಿ. ಬೆಚ್ಚಗಿದ್ದರೆ, ನಾವು ಬರುವ ಮೊದಲೇ ಯಾರೋ ಎಂಜಿನ್ ಓಡಿಸಿ, ಅದು ತಣ್ಣಗಿದ್ದಾಗ ಹೇಳುವ ಮಾತನ್ನೆಲ್ಲ ಹೇಳಿಸಿ ಮುಗಿಸಿದ್ದಾರೆ ಎಂದೇ ಅರ್ಥ. ಅಂಥ ಕಡೆ ಕಾಫಿ ಕುಡಿದು ಇನ್ನೊಂದು ದಿನ ಬರುತ್ತೇವೆ ಎಂದು ಎದ್ದು ಬರುವುದು ಒಳ್ಳೆಯದು.

ಸಕಲೇಶಪುರದ ಆಚೆ, ಕಾಫಿ ತೋಟವೊಂದರ ಲೈನ್ ಮನೆಗಳ ಪಕ್ಕದ ಶೆಡ್ಡಿನಲ್ಲಿ ನಿಂತಿದ್ದ ಬೈಕು ತಣ್ಣಗಿತ್ತು. 2014ರ ರಾಯಲ್ ಎನ್‌ಫೀಲ್ಡ್ ಕ್ಲಾಸಿಕ್ 350. ಮಾಲೀಕರು ಆ ಎಸ್ಟೇಟಿನ ರೈಟರು, ಮೊದಲ ಓನರು. ನನ್ನ ಜೊತೆ ಬಂದವರು ಹಾಸನದ ಒಬ್ಬ ಹಿರಿಯ ಮೇಸ್ತ್ರಿ. ಹಳೆಯ ಕಬ್ಬಿಣದ ಸಿಲಿಂಡರಿನ ಬುಲೆಟ್ಟುಗಳನ್ನು ಬಿಚ್ಚಿ ಜೋಡಿಸಿಯೇ ಬೆರಳುಗಳ ಗೆರೆಯೊಳಗೆ ಆಯಿಲ್ ಇಳಿದವರು. ಅವರ ಚೀಲದಲ್ಲಿ ಇದ್ದದ್ದು ಗಟ್ಟಿಯಾದ ಬಿಳಿ ದಾರದ ಒಂದು ಉಂಡೆ, ದರ್ಜಿಗಳ ಟೇಪು, ಒಂದು ಮೊಳದಷ್ಟು ಉದ್ದದ ಸ್ಕ್ರೂಡ್ರೈವರ್, ಟಾರ್ಚು, ಹಳೆಯ ಬನಿಯನ್ನಿನ ಬಟ್ಟೆ. ಒಂದು ಮೋಟಾರು ಸೈಕಲ್ಲನ್ನು ಚೆನ್ನಾಗಿ ನೋಡಲು ಇಷ್ಟು ಸಾಕು. ಬಾಕಿಯದೆಲ್ಲ ಕಣ್ಣು, ಕಿವಿ, ಬೆರಳತುದಿ.

ಹೊಸ ಬೈಕಿನಲ್ಲಿ ನನಗೆ ಇಂಥ ಸುಖ ಸಿಗುವುದಿಲ್ಲ. ಅದರಲ್ಲಿ ಎಲ್ಲವೂ ಇರಬೇಕಾದ ಹಾಗೆ ಇರುತ್ತದೆ, ನೋಡಿ ಮುಗಿಯಿತು. ಹಳೆಯದರಲ್ಲಿ ಒಂದೊಂದು ಸವಕಳಿಗೂ ಕಾರಣವಿರುತ್ತದೆ, ಆ ಕಾರಣ ಇನ್ನೊಂದು ಮೂಲೆಯ ಸವಕಳಿಯಲ್ಲಿ ಸಾಕ್ಷಿ ಬಿಟ್ಟಿರುತ್ತದೆ. ಎರಡನ್ನೂ ತಾಳೆ ಹಾಕಿದಾಗ ಕತೆ ಕೂಡಿಕೊಂಡರೆ ಆಗುವ ಖುಷಿಯೇ ಬೇರೆ. ಕೂಡದಿದ್ದರೆ ಎಲ್ಲೋ ಏನೋ ಮುಚ್ಚಿಟ್ಟಿದ್ದಾರೆ ಎಂದು ಲೆಕ್ಕ.

ಮೇಸ್ತ್ರಿ ಮೊದಲು ಮುಂದಿನ ಚಕ್ರದ ಎದುರು ಕುಕ್ಕರುಗಾಲಿನಲ್ಲಿ ಕೂತು ಟಾರ್ಚು ಹಾಕಿದ್ದು ಹ್ಯಾಂಡಲ್ಲಿನ ಕೊರಳಿಗೆ. ಫ್ರೇಮಿನಲ್ಲಿ ಮೊದಲು ನೋಡಬೇಕಾದ ಜಾಗ ಅದೇ. ಬೈಕು ಎದುರಿನಿಂದ ಏನಕ್ಕಾದರೂ ಗುದ್ದಿದಾಗ ಮುಂದಿನ ಚಕ್ರ ಹಿಂದಕ್ಕೆ ಒತ್ತುತ್ತದೆ, ಫೋರ್ಕು ಒಂದು ಉದ್ದ ಸನ್ನೆಗೋಲಿನಂತೆ ಕೊರಳನ್ನು ಮೀಟುತ್ತದೆ, ಆ ಭಾರವೆಲ್ಲ ಕೊರಳಿನಿಂದ ಎಂಜಿನ್ ಕಡೆಗೆ ಇಳಿಯುವ ದಪ್ಪ ಪೈಪಿನ ಮೇಲೆ ಬೀಳುತ್ತದೆ. ಪೈಪು ಬಾಗಿದರೆ ಅದರ ಕೆಳಮೈ, ಬೆಸುಗೆಯಿಂದ ಎರಡು ಮೂರು ಬೆರಳು ಕೆಳಗೆ, ಸಣ್ಣಗೆ ಸುಕ್ಕಾಗುತ್ತದೆ. ಕಣ್ಣಿಗೆ ಸುಕ್ಕು ಕಾಣದೇ ಹೋಗಬಹುದು, ಬಣ್ಣಕ್ಕೆ ಮಾತ್ರ ಗೊತ್ತಾಗುತ್ತದೆ. ಲೋಹ ಬಾಗುವಷ್ಟು ಬಣ್ಣ ಬಾಗಲಾರದು, ಕೂದಲೆಳೆಯ ಬಿರುಕು ಬಿಟ್ಟು ಅದರೊಳಗೆ ತುಕ್ಕು ಇಳಿದು ಕಂದು ಗೆರೆ ಮೂಡುತ್ತದೆ. ಮೇಸ್ತ್ರಿ ಆ ಜಾಗದ ಮೇಲೆ ಹೆಬ್ಬೆರಳನ್ನು ಮೇಲಿಂದ ಕೆಳಕ್ಕೆ ನಿಧಾನವಾಗಿ ಎಳೆದರು. ಏರು ತಗ್ಗು ಸಿಗಲಿಲ್ಲ. ಹಳೆಯ ಕೆಸರು ಒಣಗಿ ಕೂತಿತ್ತು, ಅದರ ಕೆಳಗೆ ಕಂಪನಿಯ ಬಣ್ಣವೇ ಇತ್ತು. ಇಡೀ ಬೈಕು ಮಾಸಿದ್ದು ಅಲ್ಲಿ ಮಾತ್ರ ಹೊಸ ಕಪ್ಪು ಬಣ್ಣ ಹೊಳೆಯುತ್ತಿದ್ದರೆ ಅನುಮಾನ ಪಡಬೇಕಿತ್ತು.

ಹ್ಯಾಂಡಲ್ ಪೂರ್ತಿ ತಿರುಗಿದಾಗ ತಡೆಯುವ ಸ್ಟಾಪರು ಎರಡೂ ಕಡೆ ಒಂದೇ ಆಕಾರದಲ್ಲಿ ಇರಬೇಕು. ಬೈಕು ಬಿದ್ದು ಹ್ಯಾಂಡಲ್ ಜೋರಾಗಿ ಬಡಿದಿದ್ದರೆ ಒಂದು ಕಡೆ ಜಜ್ಜಿರುತ್ತದೆ. ಇಲ್ಲಿ ಎಡಗಡೆಯದಕ್ಕೆ ಒಂದು ಸಣ್ಣ ಪೆಟ್ಟಿತ್ತು. ಕೇಳಿದ್ದಕ್ಕೆ ರೈಟರು ಸಂಕೋಚವಿಲ್ಲದೆ ಹೇಳಿದರು: “ಮಳೇಲಿ ಗೇಟಿನ ಹತ್ರ ಒಂದ್ಸಲ ಮಲಗಿಸಿದೀನಿ ಸಾರ್. ನಿಂತಲ್ಲೇ ಜಾರಿದ್ದು.” ಎಡಗಡೆ ಫುಟ್‌ರೆಸ್ಟಿನ ತುದಿ, ಕ್ಲಚ್ ಲಿವರಿನ ಗುಂಡು, ಎರಡೂ ಅದೇ ಕಡೆ ತರಚಿದ್ದವು. ಮಾತೂ ಗುರುತೂ ಕೂಡಿಕೊಂಡವು. ಫ್ರೇಮ್ ನಂಬರನ್ನು ಆರ್‌ಸಿಯ ಜೊತೆ ಒಂದೊಂದೇ ಅಕ್ಷರ ಓದಿ ನೋಡಿದ್ದಾಯಿತು. ಅಕ್ಷರಗಳ ಸುತ್ತ ಗ್ರೈಂಡರಿನ ಗೀರು ಇರಲಿಲ್ಲ. ಅಷ್ಟು ಸಾಕು.

ಆಮೇಲೆ ದಾರ. ತೋಟದ ಹುಡುಗನೊಬ್ಬ ಬೈಕನ್ನು ಸ್ಟ್ಯಾಂಡಿನಿಂದ ಇಳಿಸಿ ನೆಟ್ಟಗೆ ಹಿಡಿದು ನಿಂತ. ಮೇಸ್ತ್ರಿ ದಾರದ ನಡುವನ್ನು ಹಿಂದಿನ ಟಯರಿನ ಹಿಂಬದಿಗೆ ಸುತ್ತಿ, ನೆಲದಿಂದ ಅರ್ಧ ಗೇಣಿನಷ್ಟು ಎತ್ತರದಲ್ಲಿ, ಎರಡು ಎಳೆಗಳನ್ನೂ ಎಂಜಿನ್ನಿನ ಕೆಳಗಿನಿಂದ ಮುಂದಕ್ಕೆ ತಂದರು. ನಾನು ಮುಂದಿನ ಚಕ್ರದ ಆಚೆ ಕೂತು ಎರಡು ತುದಿ ಹಿಡಿದೆ. ದಾರ ಬಿಗಿಯಾಗಿರಬೇಕು, ಹಿಂದಿನ ಟಯರಿನ ಎರಡೂ ಮಗ್ಗುಲನ್ನು ಹಿಂದೆಯೂ ಮುಂದೆಯೂ ಹಗುರವಾಗಿ ಮುಟ್ಟಿಕೊಂಡೇ ಹೊರಡಬೇಕು. ಒಳಕ್ಕೆ ಹೆಚ್ಚು ಎಳೆದರೆ ಟಯರಿನ ಮೇಲೆ ಮುರಿದು ಸುಳ್ಳು ಗೆರೆ ಕೊಡುತ್ತದೆ.

ಈ ಬೈಕಿನ ಹಿಂದಿನ ಟಯರಿನ ಅಗಲ 110 ಮಿಲಿಮೀಟರ್, ಮುಂದಿನದು 90. ಎಲ್ಲ ನೆಟ್ಟಗಿದ್ದರೆ ಮುಂದಿನ ಟಯರು ಎರಡು ದಾರಗಳ ನಟ್ಟನಡುವೆ ನಿಂತು, ಆಚೀಚೆ ಹತ್ತು ಹತ್ತು ಮಿಲಿಮೀಟರ್ ಸಂದು ಉಳಿಯಬೇಕು. ನಾವು ನೋಡಿದಾಗ ಎಡಗಡೆ ದಾರ ಟಯರಿಗೆ ಹೆಚ್ಚುಕಡಿಮೆ ತಾಗಿಕೊಂಡಿತ್ತು. ಬಲಗಡೆ ಹೆಬ್ಬೆರಳು ಸಲೀಸಾಗಿ ಆಡುವಷ್ಟು ಜಾಗ.

ಇಂಥ ಹೊತ್ತಿನಲ್ಲಿ ಕೊಳ್ಳುವವರು ಗಾಬರಿಯಾಗುತ್ತಾರೆ, ಫ್ರೇಮು ಹೋಗಿದೆ ಎಂದು ತೀರ್ಮಾನಿಸುತ್ತಾರೆ. ಮೇಸ್ತ್ರಿ ಗಾಬರಿಯಾಗಲಿಲ್ಲ. ದಾರ ಹೇಳುವುದು ಎರಡು ಚಕ್ರ ಒಂದೇ ಗೆರೆಯಲ್ಲಿ ಇಲ್ಲ ಎಂದು ಮಾತ್ರ. ಯಾಕೆ ಎಂದು ಅದು ಹೇಳುವುದಿಲ್ಲ. ಫ್ರೇಮು ಬಾಗಿರಬಹುದು, ಸ್ವಿಂಗ್ ಆರ್ಮ್ ತಿರುಚಿರಬಹುದು. ಕಡ್ಡಿಚಕ್ರವನ್ನು ಮತ್ತೆ ಕಟ್ಟಿಸುವಾಗ ರಿಮ್ಮು ಒಂದು ಕಡೆಗೆ ಸರಿದಿರಬಹುದು. ಇವೆಲ್ಲಕ್ಕಿಂತ ಸಾಮಾನ್ಯವಾದ ಕಾರಣ, ಹಿಂದಿನ ಚಕ್ರವನ್ನು ಹಾಕಿದವನು ಓರೆಯಾಗಿ ಹಾಕಿರುವುದು. ಚೈನು ಬಿಗಿ ಮಾಡಲು ಎನ್‌ಫೀಲ್ಡಿನ ಹಿಂದಿನ ಆಕ್ಸಲ್ಲಿನ ಎರಡು ತುದಿಗಳಲ್ಲೂ ಬಸವನಹುಳುವಿನ ಚಿಪ್ಪಿನ ಆಕಾರದ ಒಂದೊಂದು ಕ್ಯಾಮ್ ಇರುತ್ತದೆ. ಅದರ ಅಂಚಿನುದ್ದಕ್ಕೂ ಹಲ್ಲುಗಳಿವೆ. ಕ್ಯಾಮನ್ನು ತಿರುಗಿಸಿದಂತೆ ಆಕ್ಸಲ್ ಒಂದೊಂದು ಹಲ್ಲು ಹಿಂದಕ್ಕೆ ಸರಿಯುತ್ತದೆ. ಎಡಗಡೆ ಎಷ್ಟನೆಯ ಹಲ್ಲೋ ಬಲಗಡೆಯೂ ಅಷ್ಟನೆಯ ಹಲ್ಲೇ ಆಗಿರಬೇಕು. ನನಗೆ ಈ ಬೈಕಿನಲ್ಲಿ ಬಹಳ ಇಷ್ಟವಾದ ಬಿಡಿಭಾಗ ಇದು. ಅಳತೆಯ ಪಟ್ಟಿ ಬೇಡ, ಉಪಕರಣ ಬೇಡ, ಹಲ್ಲು ಎಣಿಸಿದರೆ ಆಯಿತು.

ಮೇಸ್ತ್ರಿ ಬಟ್ಟೆಯಿಂದ ಗ್ರೀಸು ಒರೆಸಿ ಎಣಿಸಿದರು. ಬಲಗಡೆಯದು ಎಡಗಡೆಗಿಂತ ಒಂದು ಹಲ್ಲು ಮುಂದಿತ್ತು.

“ರೈಟ್ರೇ, ಹಿಂದಿನ ಪಂಚರ್ ಯಾವಾಗ ಹಾಕಿಸಿದ್ರಿ?”

“ಗೌರಿ ಹಬ್ಬದ ಆಸುಪಾಸು. ಇಲ್ಲೇ ಕ್ರಾಸಲ್ಲಿ.”

“ಅವನು ಚಕ್ರ ಹಾಕೋವಾಗ ಒಂದು ಕಡೆ ನೋಡಿದಾನೆ, ಇನ್ನೊಂದು ಕಡೆ ನೋಡಿಲ್ಲ.”

ಒಂದೇ ಒಂದು ಹಲ್ಲಿಗೆ ಮುಂದೆ ಇಷ್ಟೊಂದು ವ್ಯತ್ಯಾಸವೇ ಎಂದರೆ, ಹೌದು. ಆಕ್ಸಲ್ಲಿನ ಎರಡು ತುದಿಗಳ ನಡುವಿನ ದೂರ ಸುಮಾರು ಒಂದು ಗೇಣು. ಎರಡು ಚಕ್ರಗಳ ನಡುವಿನ ದೂರ 1.37 ಮೀಟರ್. ಹಿಂದೆ ಒಂದು ಮಿಲಿಮೀಟರ್ ತಪ್ಪಿದರೆ ಮುಂದಿನ ಚಕ್ರದ ಹತ್ತಿರ ಬರುವಷ್ಟರಲ್ಲಿ ಅದು ಆರೇಳು ಮಿಲಿಮೀಟರ್ ಆಗಿ ಹಿಗ್ಗುತ್ತದೆ. ದಾರದ ಉಪಯೋಗವೇ ಇದು: ಹಿಂದೆ ಕಣ್ಣಿಗೆ ಕಾಣದ ತಪ್ಪನ್ನು ಮುಂದೆ ದೊಡ್ಡದು ಮಾಡಿ ತೋರಿಸುತ್ತದೆ. ರೈಟರ ಅನುಮತಿ ಕೇಳಿ ಆಕ್ಸಲ್ ನಟ್ಟು ಸಡಿಲಿಸಿ, ಎರಡೂ ಕ್ಯಾಮ್‌ಗಳನ್ನು ಒಂದೇ ಹಲ್ಲಿಗೆ ತಂದು, ಬಿಗಿ ಮಾಡಿ, ಮತ್ತೆ ದಾರ ಹಿಡಿದೆವು. ಎಡಗಡೆ ಒಂಬತ್ತು, ಬಲಗಡೆ ಹನ್ನೊಂದು. ದಾರದಲ್ಲಿ ಹಿಡಿಯುವ ಅಳತೆಗೆ ಅಷ್ಟು ಹೆಚ್ಚುಕಡಿಮೆ ಇದ್ದೇ ಇರುತ್ತದೆ. ಕ್ಯಾಮ್ ಸಮ ಮಾಡಿದ ಮೇಲೂ ಸಂದು ಹಾಗೆಯೇ ಉಳಿದಿದ್ದರೆ ಆಗ ಫ್ರೇಮಿನ ಮಾತು ಎತ್ತಬೇಕಿತ್ತು, ಬೈಕನ್ನು ಅಲ್ಲಿಯೇ ಬಿಟ್ಟು ಬರಬೇಕಿತ್ತು. ಬಾಗಿದ ಫ್ರೇಮನ್ನು ಒತ್ತಿ ನೆಟ್ಟಗೆ ಮಾಡಿಕೊಡುವವರು ಇದ್ದಾರೆ. ನಾನು ಅಂಥದ್ದನ್ನು ಕೊಳ್ಳುವುದಿಲ್ಲ.

ದಾರ ಹಿಡಿಯಲಾರದ ಒಂದು ದೋಷವಿದೆ, ತಿರುಚು. ಚಕ್ರಗಳು ಒಂದೇ ಗೆರೆಯಲ್ಲಿದ್ದೂ ಒಂದು ನೆಟ್ಟಗೆ, ಇನ್ನೊಂದು ಸ್ವಲ್ಪ ವಾಲಿ ನಿಂತಿರಬಹುದು. ಅದಕ್ಕೆ ನಾಲ್ಕೈದು ಮೀಟರ್ ಹಿಂದೆ ಸರಿದು, ಕುಕ್ಕರಿಸಿ, ಒಂದು ಕಣ್ಣು ಮುಚ್ಚಿ ನೋಡಬೇಕು. ಹಿಂದಿನ ಟಯರಿನ ಅಂಚಿನಿಂದ ಮುಂದಿನ ಟಯರು ಇಣುಕುವಾಗ ಮೇಲೆಯೂ ಕೆಳಗೆಯೂ ಒಂದೇ ಅಗಲ ಕಾಣಬೇಕು. ಇಲ್ಲಿ ಹಾಗೆಯೇ ಕಂಡಿತು. ಇದನ್ನು ಅವಸರವಿಲ್ಲದೆ ನೋಡಬೇಕು. ಕಣ್ಣು ಆ ನೋಟಕ್ಕೆ ಹೊಂದಿಕೊಳ್ಳಲು ಕೊಂಚ ಹೊತ್ತು ಬೇಕಾಗುತ್ತದೆ.

ಚಕ್ರ ಓರೆಯಾಗಿದ್ದದ್ದು ಗೌರಿ ಹಬ್ಬದಿಂದ ಎಂಬ ಮಾತನ್ನು ಚೈನಿನ ಬಳಿ ಪರೀಕ್ಷಿಸಬಹುದಿತ್ತು. ಚಕ್ರ ಓರೆಯಾದರೆ ಹಿಂದಿನ ಸ್ಪ್ರಾಕೆಟ್ಟೂ ಓರೆ. ಆಗ ಚೈನಿನ ಒಳಪಟ್ಟಿಗಳು ಹಲ್ಲುಗಳ ಒಂದೇ ಮಗ್ಗುಲನ್ನು ಉಜ್ಜುತ್ತಾ ಓಡುತ್ತವೆ. ಮೇಸ್ತ್ರಿ ಟಾರ್ಚು ಹಾಕಿದರು. ಹಲ್ಲುಗಳ ಒಳಮಗ್ಗುಲು ಬೆಳ್ಳಿಯಂತೆ ಹೊಳೆಯುತ್ತಿತ್ತು, ಹೊರಮಗ್ಗುಲು ಮಂಕಾಗಿತ್ತು. ಆದರೆ ಹೊಳಪಷ್ಟೇ, ಉಗುರಿಗೆ ಸಿಗುವ ಮೆಟ್ಟಿಲು ಬಿದ್ದಿರಲಿಲ್ಲ. ವರ್ಷಗಟ್ಟಲೆ ಹಾಗೆ ಓಡಿದ್ದರೆ ಮೆಟ್ಟಿಲು ಬೀಳದೆ ಇರುತ್ತಿರಲಿಲ್ಲ. ಕೆಲವೇ ತಿಂಗಳ ಉಜ್ಜು ಎಂಬುದಕ್ಕೆ ಸ್ಪ್ರಾಕೆಟ್ಟು ಸಾಕ್ಷಿ ಹೇಳಿತು, ರೈಟರ ಮಾತಿನ ಮೇಲೆ ನಂಬಿಕೆ ಇನ್ನಷ್ಟು ಕೂತಿತು.

ಚೈನು ಮಾತ್ರ ಬೇರೆ ಕತೆ. ಚೈನು ಉದ್ದವಾಗುವುದು ಪಟ್ಟಿಗಳು ಹಿಗ್ಗಿ ಎಂದು ಬಹಳ ಜನ ತಿಳಿದಿದ್ದಾರೆ. ಪಟ್ಟಿಗಳು ಹಿಗ್ಗುವುದಿಲ್ಲ. ಒಂದೊಂದು ಕೊಂಡಿಯಲ್ಲೂ ಒಂದು ಪಿನ್ನು ಒಂದು ಬುಷ್ಷಿನೊಳಗೆ ತಿರುಗುತ್ತದೆ. ಸ್ಪ್ರಾಕೆಟ್ಟಿನ ಮೇಲೆ ಹತ್ತಿ ಇಳಿಯುವಾಗೆಲ್ಲ ಅದು ಸ್ವಲ್ಪ ಮಡಚಿ ಬಿಚ್ಚಿಕೊಳ್ಳುತ್ತದೆ. ಆ ಸಂದಿಗೆ ಎಣ್ಣೆಯ ಬದಲು ತೋಟದ ದಾರಿಯ ಕೆಮ್ಮಣ್ಣು ಸೇರಿದರೆ ಪಿನ್ನೂ ಬುಷ್ಷೂ ಒಂದನ್ನೊಂದು ಅರೆದುಕೊಳ್ಳುತ್ತವೆ. ಪ್ರತಿ ಕೊಂಡಿಯೂ ಕೂದಲಷ್ಟು ಸಡಿಲವಾಗಿ, ಆ ಕೂದಲುಗಳೆಲ್ಲ ಸೇರಿ ಬೆರಳಗಲವಾಗುತ್ತವೆ. ಹಾಗಾಗಿ ಚೈನಿನ ಸವಕಳಿಯನ್ನು ಕೊಂಡಿ ನೋಡಿ ತಿಳಿಯಲಾಗದು, ಉದ್ದ ಅಳೆದು ತಿಳಿಯಬೇಕು.

ಇಲ್ಲಿ ಲೆಕ್ಕ ಎಷ್ಟು ಚೆಂದವಾಗಿ ಕೂಡುತ್ತದೆ ನೋಡಿ. ಈ ಬೈಕಿನ ಚೈನಿನಲ್ಲಿ ಪಿನ್ನಿನಿಂದ ಪಿನ್ನಿಗೆ 5/8 ಇಂಚು. ಇಪ್ಪತ್ತು ಕೊಂಡಿಗೆ ಸರಿಯಾಗಿ ಹನ್ನೆರಡೂವರೆ ಇಂಚು. ನೂರಕ್ಕೆ ಎರಡರಷ್ಟು ಉದ್ದವಾದರೆ ಹನ್ನೆರಡೂ ಮುಕ್ಕಾಲು. ಅಲ್ಲಿಗೆ ಚೈನಿನ ಆಯಸ್ಸು ಮುಗಿಯಿತು. ದರ್ಜಿಯ ಟೇಪಿನಲ್ಲಿ ಈ ಕಾಲು ಇಂಚನ್ನು ಮಕ್ಕಳೂ ಓದಬಹುದು. ಮೇಸ್ತ್ರಿ ಕೆಳಗಿನ ಎಳೆಯನ್ನು ಬಿಗಿಯಾಗಿ ಎಳೆಯಲು ನನಗೆ ಹೇಳಿ, ಒಂದು ಪಿನ್ನಿನ ನಡುವಿಗೆ ಟೇಪಿನ ತುದಿ ಇಟ್ಟು, ಇಪ್ಪತ್ತು ಎಣಿಸಿ ಇಪ್ಪತ್ತೊಂದನೆಯ ಪಿನ್ನಿನ ನಡುವನ್ನು ಓದಿದರು. ಹನ್ನೆರಡೂ ಮುಕ್ಕಾಲಿಗೆ ಒಂದು ಗೆರೆ ಕಡಿಮೆ. ಚಕ್ರ ತಿರುಗಿಸಿ ಇನ್ನೊಂದು ಜಾಗದಲ್ಲಿ ಅಳೆದರು, ಅಲ್ಲಿ ಮುಕ್ಕಾಲು ದಾಟಿತ್ತು. ಟೇಪು ಇಲ್ಲದಿದ್ದರೆ ಇನ್ನೊಂದು ದಾರಿಯಿದೆ. ಹಿಂದಿನ ಸ್ಪ್ರಾಕೆಟ್ಟಿನ ತೀರ ಹಿಂಬದಿಯಲ್ಲಿ, ಚೈನು ಸುತ್ತಿ ತಿರುಗುವ ಜಾಗದಲ್ಲಿ, ಒಂದು ಕೊಂಡಿಯನ್ನು ಬೆರಳಲ್ಲಿ ಹಿಡಿದು ಹಿಂದಕ್ಕೆ ಎಳೆಯುವುದು. ಹೊಸ ಚೈನು ಕದಲುವುದಿಲ್ಲ. ಸವೆದದ್ದು ಎದ್ದು ಬರುತ್ತದೆ, ಅರ್ಧ ಹಲ್ಲು ಕಾಣುವಷ್ಟು ಎದ್ದರೆ ಬದಲಾಯಿಸುವ ಕಾಲ. ಇದು ಅರ್ಧ ಹಲ್ಲು ಎದ್ದಿತು.

ಇಷ್ಟು ಸವೆದ ಚೈನಿಗೆ ಕ್ಯಾಮ್ ಕೊನೆಯ ಹಲ್ಲುಗಳ ಹತ್ತಿರ ಇರಬೇಕು. ಹಾಗೆಯೇ ಇತ್ತು. ಇದನ್ನು ಮರೆಯದೆ ತಾಳೆ ಹಾಕಬೇಕು. ಚೈನು ಸವೆದಿದ್ದೂ ಕ್ಯಾಮ್ ಮೊದಲ ಹಲ್ಲುಗಳಲ್ಲೇ ಇದ್ದರೆ ಯಾರೋ ಕೊಂಡಿ ಕತ್ತರಿಸಿ ಚೈನನ್ನು ಗಿಡ್ಡ ಮಾಡಿದ್ದಾರೆ ಎಂದು ತಿಳಿಯಬೇಕು. ಹೊಸದರಂತೆ ಬಿಗಿಯಾಗಿ ತೋರಿಸುವ ಹಳೆಯ ಉಪಾಯ ಅದು. ಚೈನು ಒಂದನ್ನೇ ಬದಲಿಸಿ ಹಳೆಯ ಸ್ಪ್ರಾಕೆಟ್ಟುಗಳನ್ನು ಉಳಿಸಿಕೊಳ್ಳುವುದೂ ಬೇಡದ ಉಳಿತಾಯ. ಹಳೆಯ ಹಲ್ಲುಗಳು ಉದ್ದವಾದ ಕೊಂಡಿಗೆ ಒಗ್ಗಿ ಕೊಕ್ಕೆಯಂತೆ ಬಾಗಿರುತ್ತವೆ, ಹೊಸ ಚೈನನ್ನು ಬೇಗ ತಿಂದುಹಾಕುತ್ತವೆ. ಮೂರನ್ನೂ ಒಟ್ಟಿಗೆ ಹಾಕಿಸಬೇಕು. ಮೇಸ್ತ್ರಿ ಜೇಬಿನ ಚೀಟಿಯಲ್ಲಿ ಬರೆದುಕೊಂಡರು: ಚೈನ್ ಕಿಟ್ಟು.

ಫೋರ್ಕಿನ ವಿಚಾರದಲ್ಲಿ ಮಲೆನಾಡಿನ ಬೈಕುಗಳನ್ನು ನಾನು ಸ್ವಲ್ಪ ಹೆಚ್ಚು ಅನುಮಾನದಿಂದಲೇ ನೋಡುತ್ತೇನೆ. ಕ್ಲಾಸಿಕ್‌ನ ಮುಂದಿನ ಫೋರ್ಕಿನಲ್ಲಿ ಮೇಲಿನ ಕವರಿನ ಕೆಳಗೆ 35 ಮಿಲಿಮೀಟರ್ ದಪ್ಪದ ಕ್ರೋಮ್ ಪೈಪು ಕಾಣುತ್ತದೆ. ಅದು ಕೆಳಗಿನ ಅಲ್ಯೂಮಿನಿಯಂ ಕಾಲಿನೊಳಗೆ ಏರಿಳಿಯುತ್ತದೆ. ಕಾಲಿನೊಳಗೆ ಆಯಿಲ್ ಇದೆ. ಆಯಿಲ್ ಹೊರಬರದಂತೆ ತಡೆಯುವುದು ಒಂದು ರಬ್ಬರ್ ಸೀಲು, ಅದರ ತುಟಿ ಕ್ರೋಮಿಗೆ ಅಂಟಿಕೊಂಡಿರುತ್ತದೆ. ಮಳೆಗಾಲದ ನಾಲ್ಕು ತಿಂಗಳು ಒದ್ದೆಯಾಗಿ ನಿಂತ ಬೈಕಿನಲ್ಲಿ ಆ ಕ್ರೋಮಿನ ಮೇಲೆ ಸಾಸಿವೆಗಿಂತ ಸಣ್ಣ ತುಕ್ಕಿನ ಚುಕ್ಕೆ ಏಳುತ್ತದೆ, ಚುಕ್ಕೆ ಗುಳಿಯಾಗುತ್ತದೆ, ಗುಳಿಯ ಅಂಚು ಅರದಂತೆ ಸೀಲಿನ ತುಟಿಯನ್ನು ಹರಿಯುತ್ತದೆ.

ಮಾರುವವರು ಫೋರ್ಕನ್ನು ಒರೆಸಿಟ್ಟಿರುವುದು ಸಹಜ. ರೈಟರೂ ಬೈಕು ತೊಳೆಸಿದ್ದರು. ಆದರೆ ಒರೆಸುವ ಬಟ್ಟೆ ತಲುಪದ ಜಾಗವೊಂದಿದೆ, ಸೀಲಿನ ಮೇಲಿನ ರಬ್ಬರ್ ಟೋಪಿಯ ಒಳಗೆ ಮತ್ತು ಕಾಲಿನ ಹಿಂಬದಿಯಲ್ಲಿ, ಮಡ್‌ಗಾರ್ಡಿನ ಕಂಬಿ ಕೂರುವ ಮೂಲೆಯಲ್ಲಿ. ಸೋರಿದ ಆಯಿಲ್ ಅಲ್ಲಿ ಇಳಿದು ಧೂಳು ಹಿಡಿದು ಕರಿ ಮೇಣದಂತೆ ಕೂತಿರುತ್ತದೆ. ಮೇಸ್ತ್ರಿ ಬಲಗಾಲಿನ ಹಿಂದೆ ಬೆರಳು ಹಾಕಿ ತೆಗೆದರು, ಬೆರಳ ತುದಿ ಕಪ್ಪಾಯಿತು. ಮೂಗಿಗೆ ಹಿಡಿದರು. ಫೋರ್ಕ್ ಆಯಿಲ್ ಹಳೆಯದಾದರೆ ಮೀನಿನಂಥ ಒಂದು ವಾಸನೆ ಬರುತ್ತದೆ, ಎಂಜಿನ್ ಆಯಿಲಿನ ಸುಟ್ಟ ವಾಸನೆಯಲ್ಲ. ಎಡಗಾಲು ಒಣಗಿತ್ತು.

ಎರಡು ಪೈಪನ್ನೂ ಬನಿಯನ್ ಬಟ್ಟೆಯಿಂದ ಚೊಕ್ಕಟ ಮಾಡಿ, ಮುಂದಿನ ಬ್ರೇಕು ಹಿಡಿದು ಹ್ಯಾಂಡಲ್ಲನ್ನು ಹತ್ತು ಹನ್ನೆರಡು ಸಲ ಮೈಭಾರ ಬಿಟ್ಟು ಅದುಮಿದರು. ಎಡಗಡೆ ಕ್ರೋಮಿನ ಮೇಲೆ ಉಸಿರು ಬಿಟ್ಟಂಥ ತೆಳುವಾದ ಪೊರೆ, ಬೆರಳಿಗೆ ಹತ್ತದಷ್ಟು. ಇದು ಇರಬೇಕಾದದ್ದೇ. ಪೂರ್ತಿ ಒಣಗಿದ ಸೀಲು ಬೇಗ ಹರಿಯುತ್ತದೆ. ಬಲಗಡೆ ಒಂದು ಸ್ಪಷ್ಟ ಉಂಗುರ, ಅದರಿಂದ ಕೆಳಕ್ಕೆ ಒಂದು ಹನಿಯ ದಾರಿ. ಸೀಲು ಹೋಗಿದೆ. ಆದರೆ ಕೇಳಬೇಕಾದ ಪ್ರಶ್ನೆ ಬೇರೆ. ಸೀಲು ತಾನಾಗಿ ಮುದಿಯಾಗಿ ಹೋಯಿತೋ, ಪೈಪು ಅದನ್ನು ಹರಿಯಿತೋ? ಸೀಲಿಗೆ ಕೆಲವು ನೂರು ರೂಪಾಯಿ, ಪೈಪಿಗೆ ಸಾವಿರದ ಲೆಕ್ಕ. ಪೈಪಿನಲ್ಲಿ ಗುಳಿ ಇದ್ದೂ ಸೀಲು ಮಾತ್ರ ಹಾಕಿಸಿದರೆ ಮುಂದಿನ ಮಳೆಗಾಲಕ್ಕೆ ಮತ್ತೆ ಅದೇ ಪಾಡು.

ಇದನ್ನು ಕಣ್ಣಿಗಿಂತ ಉಗುರು ಚೆನ್ನಾಗಿ ಹೇಳುತ್ತದೆ. ಹೆಬ್ಬೆರಳ ಉಗುರನ್ನು ಕ್ರೋಮಿನ ಮೇಲೆ ಮೇಲಿಂದ ಕೆಳಕ್ಕೆ ಎಳೆಯಬೇಕು, ಸುತ್ತಲೂ, ಅದರಲ್ಲೂ ಮುಂಬದಿಯಲ್ಲಿ, ಮುಂದಿನ ವಾಹನದ ಚಕ್ರ ಹಾರಿಸುವ ಕಲ್ಲಿನ ಚೂರು ಬಡಿಯುವ ಕಡೆ. ಬಲಗಾಲಿನಲ್ಲಿ, ಸೀಲಿನಿಂದ ನಾಲ್ಕು ಬೆರಳು ಮೇಲೆ, ನನ್ನ ಉಗುರು ಎರಡು ಕಡೆ ತಡೆಯಿತು. ಸೀಲು ಓಡಾಡುವ ಜಾಗವೇ ಅದು. ಇನ್ನೂ ಮೇಲೆ, ಫೋರ್ಕು ಪೂರ್ತಿ ಕುಗ್ಗಿದರೂ ಸೀಲು ಮುಟ್ಟದ ಎತ್ತರದಲ್ಲಿ ಗುಳಿ ಇದ್ದಿದ್ದರೆ ತಲೆ ಕೆಡಿಸಿಕೊಳ್ಳುವ ಅಗತ್ಯವಿರಲಿಲ್ಲ. ಚೀಟಿಗೆ ಇನ್ನೊಂದು ಸಾಲು ಸೇರಿತು: ಬಲಗಡೆ ಪೈಪು, ಸೀಲು ಎರಡೂ ಕಡೆ.

ಸೆಂಟರ್ ಸ್ಟ್ಯಾಂಡ್ ಹಾಕಿ, ಹಿಂದೆ ಹುಡುಗನನ್ನು ಕೂರಿಸಿ ಮುಂದಿನ ಚಕ್ರ ಎತ್ತಿ, ಹ್ಯಾಂಡಲ್ಲನ್ನು ಒಂದು ಬೆರಳಲ್ಲಿ ಎಡದಿಂದ ಬಲಕ್ಕೆ ತೇಲಿಸಿ ನೋಡಿದೆವು. ನಡುವಿನಲ್ಲಿ ಕಚ್ಚಿ ನಿಲ್ಲಲಿಲ್ಲ. ಕೊರಳಿನ ಬೇರಿಂಗ್ ಚೆನ್ನಾಗಿದೆ.

ಇಷ್ಟೆಲ್ಲ ಆಗುವ ತನಕ ಎಂಜಿನ್ ತಣ್ಣಗೇ ಇತ್ತು. ಬಲಗಡೆಯ ಗಾಜಿನ ಕಿಂಡಿಯಲ್ಲಿ ಆಯಿಲಿನ ಮಟ್ಟ ನೋಡಿದ ಮೇಲೆ ಮೇಸ್ತ್ರಿ ನನಗೆ ಕಣ್ಸನ್ನೆ ಮಾಡಿದರು.

ಇಲ್ಲೊಂದು ಮಾತು. ಬುಲೆಟ್ ಕೊಳ್ಳಲು ಬರುವವರಲ್ಲಿ ಮುಕ್ಕಾಲು ಪಾಲು ಜನ ಕೇಳುವುದು ‘ಬೀಟು’ ಹೇಗಿದೆ ಎಂದು. ಬೀಟು ಎಂಜಿನ್ನಿನ ಆರೋಗ್ಯದ ಲಕ್ಷಣವೇ ಅಲ್ಲ. ಅದು ಬಹುಪಾಲು ಸೈಲೆನ್ಸರಿನ ಸದ್ದು. ಸೈಲೆನ್ಸರನ್ನು ಬದಲಿಸಿ, ಐಡ್ಲಿಂಗನ್ನು ತೀರ ಕೆಳಕ್ಕೆ ಇಳಿಸಿ, ಎಂಥ ಸವೆದ ಎಂಜಿನ್ನಿನಿಂದಲೂ ಗಂಭೀರವಾದ ಬೀಟು ತೆಗೆಯಬಹುದು. ಅಷ್ಟು ಕೆಳಗೆ ಐಡ್ಲಿಂಗ್ ಇಟ್ಟರೆ ಆಯಿಲ್ ಪಂಪು ಸರಿಯಾಗಿ ಎತ್ತುವುದಿಲ್ಲ, ಒಳಗೆ ಸವೆತ ಹೆಚ್ಚಾಗುತ್ತದೆ. ನಿಮಿಷಕ್ಕೆ ಸಾವಿರದ ಆಸುಪಾಸು ಸುತ್ತು ಬೇಕು. ಈ ಬೈಕಿನಲ್ಲಿ ಕಂಪನಿಯ ಸೈಲೆನ್ಸರೇ ಇತ್ತು, ಅದೇ ನನಗೆ ಅದರ ಮೇಲೆ ಮನಸ್ಸಾಗಲು ಮೊದಲ ಕಾರಣ. ಜೋರು ಸೈಲೆನ್ಸರಿನ ಹಿಂದೆ ಎಂಜಿನ್ನಿನ ಸಣ್ಣ ದನಿಗಳೆಲ್ಲ ಮುಳುಗಿಹೋಗುತ್ತವೆ.

ಮೊದಲ ಕಿಕ್ಕಿಗೆ ಕೆಮ್ಮಿತು, ಎರಡನೆಯದಕ್ಕೆ ಹಿಡಿಯಿತು. ಹಿಡಿದ ಕೂಡಲೇ ಮೇಲಿನಿಂದ ಟಿಕ್ ಟಿಕ್ ಟಿಕ್ ಎಂಬ ಸದ್ದು. 2009ರ ಕೊನೆಗೆ ಬಂದ ಈ ಕ್ಲಾಸಿಕ್ ಎಂಜಿನ್ನಿನಲ್ಲಿ, ಹಳೆಯ ಬುಲೆಟ್ಟಿನ ಹಾಗೆ ಟ್ಯಾಪೆಟ್ ಸಂದನ್ನು ಕೈಯಿಂದ ಹೊಂದಿಸುವಂತಿಲ್ಲ. ಆಯಿಲಿನ ಒತ್ತಡದಿಂದ ತಾವೇ ಸಂದು ತುಂಬಿಕೊಳ್ಳುವ ಹೈಡ್ರಾಲಿಕ್ ಟ್ಯಾಪೆಟ್‌ಗಳಿವೆ. ರಾತ್ರಿಯಿಡೀ ನಿಂತಾಗ ಅವುಗಳೊಳಗಿನ ಆಯಿಲ್ ಇಳಿದಿರುತ್ತದೆ. ಬೆಳಿಗ್ಗೆ ಮತ್ತೆ ತುಂಬಿಕೊಳ್ಳುವ ತನಕ ಟಿಕ್‌ಗುಟ್ಟುತ್ತವೆ. ನಾವಿಬ್ಬರೂ ಮಾತಾಡದೆ ನಿಂತೆವು. ಟಿಕ್ ಟಿಕ್ ತೆಳುವಾಯಿತು, ನಡುನಡುವೆ ತಪ್ಪಿತು, ನಿಂತಿತು. ನನಗೆ ಇಡೀ ಬೆಳಗಿನಲ್ಲಿ ಇಷ್ಟವಾದ ಗಳಿಗೆ ಅದು. ಪಂಪು ಎತ್ತಿದ ಆಯಿಲ್ ಕೆಳಗಿನಿಂದ ದಾರಿ ಹಿಡಿದು ಟ್ಯಾಪೆಟ್‌ಗಳಿಗೆ ತಲುಪಿತು ಎಂಬುದನ್ನು ಒಂದು ನಟ್ಟನ್ನೂ ಬಿಚ್ಚದೆ ಕಿವಿಯಲ್ಲೇ ನೋಡಿದಂತಾಯಿತು. ಎಂಜಿನ್ ಬಿಸಿಯಾದ ಮೇಲೂ ಈ ಸದ್ದು ನಿಲ್ಲದಿದ್ದರೆ ಆಯಿಲ್ ಕಡಿಮೆ ಇರಬಹುದು, ಕೊಳೆಯಿಂದ ಟ್ಯಾಪೆಟ್ ಕಟ್ಟಿರಬಹುದು, ಅಥವಾ ಕ್ಯಾಮೇ ಸವೆದಿರಬಹುದು. ಬಿಸಿ ಎಂಜಿನ್ನನ್ನು ತೋರಿಸುವವರು ನಮ್ಮಿಂದ ಕಸಿದುಕೊಳ್ಳುವುದು ಈ ಒಂದು ನಿಮಿಷವನ್ನು.

ಇನ್ನೊಂದು ಸದ್ದು ಕೆಳಗಿನಿಂದ ಬರುತ್ತಿತ್ತು, ಮರಕ್ಕೆ ಬೆರಳು ತಟ್ಟಿದಂತೆ ಮೊಂಡಾದದ್ದು. ಪಿಸ್ಟನ್ ತಣ್ಣಗಿರುವಾಗ ಸಿಲಿಂಡರಿನಲ್ಲಿ ಸ್ವಲ್ಪ ಸಡಿಲವಾಗಿರುತ್ತದೆ, ದಿಕ್ಕು ಬದಲಿಸುವಾಗ ಮಗ್ಗುಲಿಗೆ ಬಡಿಯುತ್ತದೆ. ಬಿಸಿಯಾಗಿ ಹಿಗ್ಗಿದಂತೆ ತಾನಾಗಿ ಅಡಗಬೇಕು. ಮೂರು ನಾಲ್ಕು ನಿಮಿಷದಲ್ಲಿ ಅಡಗಿತು. ಅಡಗದೆ, ಹೊಗೆಯೂ ನೀಲಿಯಾಗಿದ್ದರೆ ಸಿಲಿಂಡರ್ ಬೋರ್ ಮಾಡಿಸುವ ಖರ್ಚು ಕಾದಿರುತ್ತಿತ್ತು. ಹೊಗೆ ಇರಲಿಲ್ಲ.

ಈಗ ಸ್ಕ್ರೂಡ್ರೈವರ್. ಮೇಸ್ತ್ರಿ ಅದರ ತುದಿಯನ್ನು ಎಂಜಿನ್ನಿನ ಕೇಸಿಗೆ ಒತ್ತಿ, ಹಿಡಿಯನ್ನು ಕಿವಿಯ ಮುಂದಿನ ಎಲುಬಿಗೆ ಆನಿಸಿ, ಕಣ್ಣು ಮುಚ್ಚಿದರು. ಯಕ್ಷಗಾನದಲ್ಲಿ ಚೆಂಡೆ ಭೋರ್ಗರೆಯುತ್ತಿರುವಾಗಲೂ ಬಲ್ಲವನ ಕಿವಿ ಮದ್ದಳೆಯನ್ನೇ ಹಿಂಬಾಲಿಸುತ್ತದಲ್ಲ, ಇದೂ ಹಾಗೆ. ಮೇಲಿನ ವಾಲ್ವಿನ ಕೆಲಸ ಕ್ರ್ಯಾಂಕಿನ ಎರಡು ಸುತ್ತಿಗೆ ಒಂದು ಸಲ, ಕೆಳಗಿನ ಕೆಲಸ ಪ್ರತಿ ಸುತ್ತಿಗೂ. ಮೇಲಿನ ಸದ್ದು ಸಾವಧಾನ, ಕೆಳಗಿನದು ಅದರ ಇಮ್ಮಡಿ ಲಯ. ಲಯ ಹಿಡಿದರೆ ಸದ್ದು ಯಾವ ಅಂತಸ್ತಿನದು ಎಂದು ಗೊತ್ತಾಗುತ್ತದೆ.

ಎಡಗಡೆಯ ಕೇಸಿನ ಮೇಲೆ ಅವರು ಹೆಚ್ಚು ಹೊತ್ತು ನಿಂತರು, ಆಮೇಲೆ ಸ್ಕ್ರೂಡ್ರೈವರ್ ನನಗೆ ಕೊಟ್ಟರು. ಒಳಗೆ ಗಲಗಲ ಎಂಬ ಸದ್ದು. ಎಂಜಿನ್ನಿನಿಂದ ಕ್ಲಚ್ಚಿಗೆ ಶಕ್ತಿ ಒಯ್ಯುವ ಪ್ರೈಮರಿ ಚೈನು ಅಲ್ಲಿದೆ. “ಆಕ್ಸಿಲರೇಟರ್ ಸ್ವಲ್ಪ ಕೊಡಿ” ಎಂದರು. ಕೊಟ್ಟೆ, ಗಲಗಲ ಮಾಯವಾಯಿತು. ಬಿಟ್ಟಾಗ ಮತ್ತೆ ಬಂತು. ಒಂದೇ ಸಿಲಿಂಡರಿನ ಎಂಜಿನ್ ಐಡ್ಲಿಂಗಿನಲ್ಲಿ ತಳ್ಳಿ ತಳ್ಳಿ ತಿರುಗುತ್ತದೆ. ಚೈನು ಒಮ್ಮೆ ಬಿಗಿದು ಒಮ್ಮೆ ಸಡಿಲಿಸಿ ಆಡುತ್ತದೆ. ವೇಗ ಹೆಚ್ಚಿದಾಗ ಎಳೆತ ಒಂದೇ ಸಮನಾಗಿ ಆಟ ನಿಲ್ಲುತ್ತದೆ. ಅದನ್ನು ಬಿಗಿಯಾಗಿಡುವ ಟೆನ್ಷನರಿನ ರಬ್ಬರು ಸ್ವಲ್ಪ ಸವೆದಿದೆ ಎಂದು ಅರ್ಥ. ಈ ವರ್ಷ ಬಿಚ್ಚದಿದ್ದರೂ ನಡೆಯುತ್ತದೆ, ಮುಂದಿನ ಕ್ಲಚ್ ಪ್ಲೇಟಿನ ಕೆಲಸಕ್ಕೆ ಕವರು ತೆಗೆದಾಗ ನೋಡಬಹುದು.

ನಿಜಕ್ಕೂ ಹೆದರಬೇಕಾದ ಸದ್ದು ನಿಂತಲ್ಲಿ ಸರಿಯಾಗಿ ಕೇಳುವುದಿಲ್ಲ. ಕನೆಕ್ಟಿಂಗ್ ರಾಡಿನ ಬಿಗ್ ಎಂಡ್ ಬೇರಿಂಗ್ ಸವೆದರೆ ಅದು ಹೊರೆ ಬಿದ್ದಾಗಲೇ ಹೆಚ್ಚಾಗಿ ಬಾಯಿ ಬಿಡುತ್ತದೆ, ಬಿಸಿಯಾದಷ್ಟೂ ಜೋರಾಗುತ್ತದೆ. ಅದಕ್ಕೇ ಬೈಕನ್ನು ತೋಟದ ಏರುದಾರಿಗೆ ಒಯ್ದೆ. ಎಂಜಿನ್ ಚೆನ್ನಾಗಿ ಕಾದ ಮೇಲೆ, ಮೂರನೆಯ ಗೇರಿನಲ್ಲಿ ನಿಧಾನವಾಗಿ ಬಂದು, ಏರು ಶುರುವಾಗುವಲ್ಲಿ ಆಕ್ಸಿಲರೇಟರನ್ನು ಮೆಲ್ಲಗೆ ಬಿಚ್ಚಿ, ಮತ್ತೆ ಬಿಟ್ಟು, ಮತ್ತೆ ಬಿಚ್ಚಿ ಕೇಳಿದೆ. ಕಿವಿಗಿಂತ ಮೊದಲು ಪಾದಕ್ಕೆ ಬರುವ ಸದ್ದು ಅದು, ಡಕ್ ಡಕ್ ಎಂಬ ಭಾರವಾದ ಬಡಿತ. ಬರಲಿಲ್ಲ. ಒಂದೆರಡು ಸಲ ಕಾಳು ಚೆಲ್ಲಿದಂತೆ ಕಿಲಕಿಲ ಕೇಳಿಸಿತು. ಅದು ಬೇರಿಂಗಿನದಲ್ಲ, ಎತ್ತರದ ಗೇರಿನಲ್ಲಿ ಹೊರೆ ಹೆಚ್ಚಾಗಿ ಪೆಟ್ರೋಲು ಹೊತ್ತಿಗೆ ಮುಂಚೆ ಸಿಡಿಯುವುದು. ಗೇರು ಇಳಿಸಿದಾಗ ನಿಂತಿತು. ವಾಪಸು ಬರುವಾಗ ಸಮತಟ್ಟಿನಲ್ಲಿ ಕೈಹಿಡಿತ ಸಡಿಲಿಸಿದೆ, ಬಿಡಲಿಲ್ಲ, ಸಡಿಲಿಸಿದೆ ಅಷ್ಟೆ. ಬೈಕು ಯಾವ ಕಡೆಗೂ ಎಳೆಯಲಿಲ್ಲ. ದಾರ ಹೇಳಿದ್ದನ್ನು ರಸ್ತೆಯೂ ಒಪ್ಪಿತು.

ರೈಟರು ಹೇಳಿದ ಬೆಲೆ ತೊಂಬತ್ತು ಸಾವಿರ. ಮೇಸ್ತ್ರಿ ಚೀಟಿಯನ್ನು ಅವರ ಕೈಗೇ ಕೊಟ್ಟರು: ಚೈನ್ ಕಿಟ್ಟು, ಬಲಗಡೆ ಪೈಪು, ಸೀಲು, ಫೋರ್ಕ್ ಆಯಿಲ್, ಮಜೂರಿ. ಪ್ರೈಮರಿ ಟೆನ್ಷನರನ್ನು ಬರೆದಿರಲಿಲ್ಲ. ಯಾಕೆಂದು ನಾನು ಕೇಳಿದ್ದಕ್ಕೆ, “ಅದು ಹಳೇ ಗಾಡಿ ಅನ್ನೋದಕ್ಕೆ ಇರೋ ಸದ್ದು, ಅದಕ್ಕೆ ದುಡ್ಡು ಹಿಡಿಯೋದು ಸರಿಯಲ್ಲ” ಎಂದರು. ರೈಟರು ಚೀಟಿಯನ್ನು ಎರಡು ಸಲ ಓದಿ, ಎಂಬತ್ತೊಂದಕ್ಕೆ ಒಪ್ಪಿ, ಆರ್‌ಸಿಯನ್ನೂ ಎರಡನೆಯ ಕೀಲಿಯನ್ನೂ ತರಲು ಒಳಗೆ ಹೋದರು. ಮೇಸ್ತ್ರಿ ಆ ಹೊತ್ತಿಗೆ ಕ್ರಾಸಿನ ಪಂಚರ್ ಅಂಗಡಿಯವನಿಗೆ ಫೋನು ಹಚ್ಚಿ ಕ್ಯಾಮಿನ ಹಲ್ಲು ಎಣಿಸುವುದು ಹೇಗೆಂದು ಹೇಳತೊಡಗಿದ್ದರು.